6/12 ಅಂದರೆ ಆರು ತಿಂಗಳು: ಮಕ್ಕಳ ಬೆಳವಣಿಗೆಯ ಪಟ್ಟಿ ಬರೆದ ಅನುಭವ

ಮಕ್ಕಳ ಡಾಕ್ಟರ ಕೈಬರಹದಲ್ಲಿ 6/12 ಅಂತ ಕಂಡರೆ ಅದು ಆರರಿಂದ ಹನ್ನೆರಡು ಅಂತಲ್ಲ. ವರ್ಷಕ್ಕೆ ಹನ್ನೆರಡು ತಿಂಗಳು, ಅದರಲ್ಲಿ ಆರು. ಅಂದರೆ ಆರು ತಿಂಗಳು, ಅಷ್ಟೇ. ಅದೇ ಲೆಕ್ಕದಲ್ಲಿ 6/52 ಅಂದರೆ ಆರು ವಾರ, 3/7 ಅಂದರೆ ಮೂರು ದಿನ. ಡಾಕ್ಟರುಗಳಿಗೆ ಇದು ಕಣ್ಣು ಮುಚ್ಚಿ ಓದುವ ಬರಹ, ಹೊರಗಿನವರಿಗೆ ಮಾತ್ರ ಒಗಟು. ಮಕ್ಕಳ ಬೆಳವಣಿಗೆ ಬಗ್ಗೆ ಒಬ್ಬರು ಡಾಕ್ಟ್ರು ಬರೆದ ಟಿಪ್ಪಣಿ ನನ್ನ ಕೈಗೆ ಬರುವ ಮುಂಚೆ ಅದನ್ನು ಯಾರೋ ಒಮ್ಮೆ ಟೈಪ್ ಮಾಡಿ ಗೋಡೆಗೆ ಅಂಟಿಸಿದ್ದರು. ಅದರಲ್ಲಿ 'ಮುಖ ನೋಡಿ ನಗುವುದು: 6ರಿಂದ 52 ವಾರ' ಅಂತಿತ್ತು. ಅದನ್ನು ನಂಬಿದರೆ ಒಂದು ವರ್ಷ ತುಂಬುವವರೆಗೂ ನಗದ ಮಗುವಿಗೆ ಏನೂ ತೊಂದರೆಯಿಲ್ಲ ಅಂತಾಯ್ತು! ನಿಜವಾಗಿ ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ ಡಾಕ್ಟರಿಗೆ ತೋರಿಸಬೇಕು.

ನನ್ನ ಕೆಲಸ ಫಾರಂ, ಕರಪತ್ರ, ಸೂಚನಾ ಪಟ್ಟಿಗಳನ್ನು ಜನ ಓದುವ ಹಾಗೆ ಬರೆದು ಜೋಡಿಸುವುದು. ಪರಿಚಯದ ಒಬ್ಬರು ಮಕ್ಕಳ ಡಾಕ್ಟ್ರು ತಮ್ಮ ಟಿಪ್ಪಣಿ ಹಾಳೆಗಳನ್ನು ಕೊಟ್ಟು, "ಇದನ್ನ ಅಪ್ಪ ಅಮ್ಮಂದಿರು ಓದೋ ಹಾಗೆ ಮಾಡಿಕೊಡಿ, ಗಾಬರಿ ಆಗಬಾರದು, ಆದರೆ ಬರಬೇಕಾದೋರು ಬರಲೇಬೇಕು" ಅಂದರು. ಮೊದಲಿಗೆ ಇದು ಒಂದು ಸಂಜೆಯ ಕೆಲಸ ಅನ್ನಿಸಿತು. ಮೇಲಿನ ಸಾಲಲ್ಲಿ ವಯಸ್ಸು, ಎಡಗಡೆ ಐದು ಕ್ಷೇತ್ರ (ಮೈ ಚಲನೆ, ಕೈ ಬೆರಳಿನ ಕೆಲಸ, ಮಾತು, ಒಡನಾಟ, ತಿಳಿವಳಿಕೆ), ನಡುವೆ ಮನೆಗಳು. ತುಂಬಿಸಿಬಿಟ್ಟರೆ ಆಯ್ತು ಅಲ್ವಾ?

ಮನೆ ತುಂಬಿಸಲು ಕೂತಾಗ ಗೊತ್ತಾಯಿತು, ಟಿಪ್ಪಣಿಯ ಅರ್ಧಕ್ಕರ್ಧ ಅವರ ತಲೆಯಲ್ಲೇ ಉಳಿದಿದೆ ಅಂತ. 'ಕೂರುವುದು' ಅನ್ನುವ ಮಾತು ಎರಡು ಕಡೆ ಇತ್ತು, ಒಂದು ಕಡೆ 6/12, ಇನ್ನೊಂದು ಕಡೆ 8/12. ನಡುವೆ ಇಂಗ್ಲಿಷಿನ ಒಂದೊಂದು ಸಣ್ಣ ಅಕ್ಷರ, ತಲೆಯ ಮೇಲೆ ಅಡ್ಡಗೆರೆ. ಒಂದು ಕಡೆ ಸಿ, ಒಂದು ಕಡೆ ಎಸ್. ವೈದ್ಯರ ಬರಹದಲ್ಲಿ ಗೆರೆ ಎಳೆದ ಸಿ ಅಂದರೆ 'ಜೊತೆಗೆ', ಗೆರೆ ಎಳೆದ ಎಸ್ ಅಂದರೆ 'ಇಲ್ಲದೆ'. ಹಾಗಾಗಿ ಆರು ತಿಂಗಳಿಗೆ ಆಸರೆಯ ಜೊತೆ, ಎಂಟಕ್ಕೆ ಆಸರೆ ಇಲ್ಲದೆ. ಅವಸರದ ಕೈಬರಹದಲ್ಲಿ ಈ ಎರಡು ಅಕ್ಷರ ಒಂದೇ ಥರ ಕಾಣುತ್ತವೆ, ಅದಲುಬದಲಾದರೆ ಅರ್ಥ ಪೂರ್ತಿ ತಿರುಗುತ್ತದೆ. ಇನ್ನೊಂದು ಕಡೆ ಎಸ್ ಎ ಅಂತ ಎರಡೇ ಅಕ್ಷರ, ಮುಂದೆ 9/12. ಒಬ್ಬಂಟಿಯಾಗಿ ನಿಲ್ಲುವ 'ಸ್ಟ್ಯಾಂಡ್ಸ್ ಅಲೋನ್'ಗೂ ಅದೇ ಎರಡಕ್ಷರ ಆಗಬಹುದು, ಹೊಸಬರನ್ನು ಕಂಡು ಅಳುವ 'ಸ್ಟ್ರೇಂಜರ್ ಆಂಗ್ಸೈಟಿ'ಗೂ ಅದೇ ಆಗಬಹುದು. ಒಂಬತ್ತು ತಿಂಗಳಿಗೆ ಏನನ್ನೂ ಹಿಡಿಯದೆ ನಿಲ್ಲುವ ಮಕ್ಕಳು ಕಡಿಮೆ, ಹೊಸ ಮುಖ ಕಂಡು ಅಮ್ಮನ ಹೆಗಲಿಗೆ ಮುಖ ಒತ್ತುವ ಮಕ್ಕಳು ಬೇಕಾದಷ್ಟು. ಆದರೂ ನನ್ನ ಊಹೆಯನ್ನು ಬರೆಯಲಿಲ್ಲ. ಇಂಥದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಗುರುತು ಹಾಕಿ ಅವರ ಮುಂದೆ ಕೂತು ಒಂದೊಂದಾಗಿ ಕೇಳಿಕೊಂಡೆ. ಮಕ್ಕಳ ವಿಷಯದಲ್ಲಿ ಊಹೆ ಮಾಡಿ ಬರೆದ ಮನೆಗಿಂತ ಖಾಲಿ ಬಿಟ್ಟ ಮನೆ ವಾಸಿ.

ನಿಜವಾದ ತೊಡಕು ಅಕ್ಷರದ್ದಲ್ಲ, ಅಂಕಿಯದು. ನಡಿಗೆಯ ಮುಂದೆ ಒಂದು ಹಾಳೆಯಲ್ಲಿ 12, ಇನ್ನೊಂದರಲ್ಲಿ 15, ಮೂರನೆಯದರಲ್ಲಿ 18 ಇತ್ತು. ಕೇಳಿದರೆ, "ಮೂರೂ ಸರಿ" ಅಂದರು ಡಾಕ್ಟ್ರು.

ಮೂರೂ ಸರಿಯೇ. ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಹನ್ನೆರಡು ಅಂದರೆ ನಡುಮಧ್ಯದ ವಯಸ್ಸು. ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಮಕ್ಕಳು ನಡೆಯುತ್ತಾರೆ, ಅಂದರೆ ಇನ್ನರ್ಧ ಮಕ್ಕಳು ನಡೆಯುವುದಿಲ್ಲ, ಅವರಿಗೆ ಏನೂ ಆಗಿಲ್ಲ. ಹದಿನೈದು ಅಂದರೆ ಬಹುಪಾಲು ಮಕ್ಕಳು ನಾಲ್ಕು ಹೆಜ್ಜೆ ಇಟ್ಟಿರುವ ವಯಸ್ಸು. ಹದಿನೆಂಟು ಅಂದರೆ ಇನ್ನೂ ಸ್ವಂತವಾಗಿ ನಡೆಯದಿದ್ದರೆ ಪರೀಕ್ಷೆ ಮಾಡಿ ನೋಡಬೇಕಾದ ವಯಸ್ಸು. ಈ ಮೂರರಲ್ಲಿ ಯಾವುದೋ ಒಂದನ್ನು ಸುಮ್ನೆ 'ನಡಿಗೆ' ಅನ್ನುವ ಮನೆಯಲ್ಲಿ ಹಾಕಿದರೆ ಓದುವ ಅಮ್ಮ ಅದನ್ನು ಗಡುವು ಅಂತಲೇ ಓದುತ್ತಾಳೆ. ಹನ್ನೆರಡು ಹಾಕಿದರೆ ಅರ್ಧ ಊರಿಗೆ ನಿದ್ದೆ ಬರುವುದಿಲ್ಲ. ಹದಿನೆಂಟು ಹಾಕಿದರೆ ಹದಿನೇಳನೇ ತಿಂಗಳಲ್ಲೂ ಎದ್ದು ನಿಲ್ಲಲಾಗದ ಮಗುವಿನ ಮನೆಯವರು 'ಇನ್ನೂ ಟೈಮಿದೆ' ಅಂತ ಕಾಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಡಾಕ್ಟ್ರು ತೆರೆದು ತೋರಿಸಿದರು. ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ಮಾಡಿದ್ದು. ಅದರಲ್ಲಿ ಒಬ್ಬಂಟಿಯಾಗಿ ನಡೆಯಲು ಶುರು ಮಾಡಿದ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿಕೊಂಡಿದೆ. ಬೇಗ ನಡೆದ ಮಗುವಿಗೂ ತಡವಾಗಿ ನಡೆದ ಮಗುವಿಗೂ ಒಂಬತ್ತು ತಿಂಗಳಿಗಿಂತ ಜಾಸ್ತಿ ಅಂತರ, ಇಬ್ಬರೂ ಚೆನ್ನಾಗಿರುವವರೇ. ಇನ್ನೊಂದು ಕಡೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಮಕ್ಕಳ ಬೆಳವಣಿಗೆಯ ತನ್ನ ಪಟ್ಟಿಯನ್ನು ತಿದ್ದಿತು. ನೂರಕ್ಕೆ ಎಪ್ಪತ್ತೈದು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಮಾಡುವುದನ್ನು ಮಾತ್ರ ಆ ವಯಸ್ಸಿನ ಮುಂದೆ ಬರೆಯುವುದು ಅಂತ ಅವರು ತೀರ್ಮಾನಿಸಿದರು. ಅರ್ಧ ಮಕ್ಕಳ ಲೆಕ್ಕ ಇಟ್ಟರೆ 'ನೋಡೋಣ, ಕಾಯೋಣ' ಅನ್ನುವ ಮಾತೇ ಜಾಸ್ತಿಯಾಗುತ್ತದೆ. ಅರ್ಧ ಮಕ್ಕಳು ಹೇಗೂ ಮಾಡದೇ ಇರುವುದನ್ನು ಮುಂದಿಟ್ಟುಕೊಂಡು ಯಾವ ಡಾಕ್ಟ್ರು ತಾನೇ ಏನು ಹೇಳುತ್ತಾರೆ?

ಹಾಗಾಗಿ ನಮ್ಮ ಪಟ್ಟಿಯಲ್ಲಿ ಒಂದೊಂದು ವಯಸ್ಸಿಗೂ ಎರಡು ಕಂಬ ಮಾಡಿದೆವು. ಮೊದಲನೆಯದು 'ಹೆಚ್ಚಿನ ಮಕ್ಕಳು ಈ ಹೊತ್ತಿಗೆ'. ಎರಡನೆಯದು 'ಹೀಗಿದ್ದರೆ ಬಂದು ಹೇಳಿ'. ನಡುಮಧ್ಯದ ಅಂಕಿಯನ್ನು ಪೂರ್ತಿ ಕೈಬಿಟ್ಟೆವು. ಅದು ಡಾಕ್ಟರ ತಲೆಯಲ್ಲಿದ್ದರೆ ಸಾಕು. ಎರಡನೆಯ ಕಂಬಕ್ಕೆ ಕೆಂಪು ಬಣ್ಣ ಬೇಡವೇ ಬೇಡ ಅಂತ ಡಾಕ್ಟ್ರೇ ಹೇಳಿದರು. ಕೆಂಪು ಕಂಡರೆ ಜನ ಮೊದಲನೆಯ ಕಂಬವನ್ನು ಓದುವುದೇ ಇಲ್ಲವಂತೆ.

ಅಂಬೆಗಾಲಿನ ಕತೆ ಇನ್ನೊಂದು. ಟಿಪ್ಪಣಿಯಲ್ಲಿ ಅದು 9/12 ಅಂತಿತ್ತು. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ಮಕ್ಕಳು ಮಂಡಿ ಊರಿ ಅಂಬೆಗಾಲು ಇಡಲೇ ಇಲ್ಲ, ಸೀದಾ ಮುಂದಿನ ಹಂತಕ್ಕೆ ಹೋದರು. ಕೆಲವು ಮಕ್ಕಳು ಹೊಟ್ಟೆಯ ಮೇಲೆ ತೆವಳುತ್ತವೆ, ಕೆಲವು ಕುಂಡೆ ಮೇಲೆ ಜರುಗುತ್ತವೆ. ಸಿಡಿಸಿಯವರೂ ಹೊಸ ಪಟ್ಟಿಯಿಂದ ಅಂಬೆಗಾಲನ್ನು ತೆಗೆದಿದ್ದಾರೆ. ನಾವೂ ತೆಗೆದೆವು. ಅಜ್ಜಿಯರು ಮೊದಲು ಕೇಳುವುದೇ ಅದನ್ನು, ಹಾಗಾಗಿ ಕೆಳಗೆ ಒಂದು ಸಾಲು ಸೇರಿಸಿದೆವು: 'ಅಂಬೆಗಾಲು ಇಡದೆಯೂ ನಡೆಯುವ ಮಕ್ಕಳಿದ್ದಾರೆ. ಆದರೆ ಮೈಯ ಒಂದೇ ಪಕ್ಕ ಎಳೆದುಕೊಂಡು ಜರುಗುತ್ತಿದ್ದರೆ ತೋರಿಸಿ.'

ಇನ್ನು ಮಾತುಗಳನ್ನು ಮನೆಯಲ್ಲಿ ಕಾಣುವ ಹಾಗೆ ಬರೆಯುವುದು. 'ಕತ್ತಿನ ನಿಯಂತ್ರಣ' ಅಂತ ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. 'ಎತ್ತಿಕೊಂಡಾಗ ಕತ್ತು ಆಡದೆ ನಿಲ್ಲುತ್ತದೆ' ಅಂದರೆ ಆಗಲೇ ಎತ್ತಿ ನೋಡಬಹುದು. ಬೆರಳಿನ ಹಿಡಿತವನ್ನು 'ಹೆಬ್ಬೆರಳು, ತೋರುಬೆರಳಿನಿಂದ ನೆಲದ ಮೇಲಿನ ಸಣ್ಣ ಚೂರನ್ನು ಹೆಕ್ಕುತ್ತದೆ' ಅಂತ ಬರೆದೆವು. ಇವು ಸುಲಭ. ನನಗೆ ಹೆಚ್ಚು ಹೊತ್ತು ಹಿಡಿದದ್ದು ಬೆರಳು ಮಾಡಿ ತೋರಿಸುವ ಸಾಲು.

ಟಿಪ್ಪಣಿಯಲ್ಲಿ 'ಬೆರಳು ತೋರಿಸುವುದು, 12–18' ಅಂತ ಒಂದೇ ಸಾಲಿತ್ತು. ಅದನ್ನು ಹಾಗೇ ಹಾಕಲು ಹೊರಟಾಗ ಡಾಕ್ಟ್ರು ತಡೆದರು. "ಅದು ಎರಡು ಕೆಲಸ" ಅಂದರು. ಮೇಲಿನ ಕಪಾಟಿನ ಡಬ್ಬ ಬೇಕು ಅಂತ ಬೆರಳು ಮಾಡುವುದು ಒಂದು. ಅದು ಬೇಡಿಕೆ, ಮಗು ನಿಮ್ಮ ಕೈಯನ್ನು ತನ್ನ ಕೆಲಸಕ್ಕೆ ಬಳಸುತ್ತಿದೆ. ಇದು ಸುಮಾರು ಹದಿನೈದು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಬಂದಿರುತ್ತದೆ. ಇನ್ನೊಂದು, ಕಿಟಕಿಯಾಚೆ ಹಕ್ಕಿ ಕಂಡಾಗ ಅದಕ್ಕೆ ಬೆರಳು ಮಾಡಿ, ತಿರುಗಿ ನಿಮ್ಮ ಮುಖ ನೋಡುವುದು. ಅದಕ್ಕೆ ಹಕ್ಕಿ ಬೇಕಾಗಿಲ್ಲ, ನೀವೂ ನೋಡಬೇಕು, ಅಷ್ಟೇ. ಇದು ಹದಿನೆಂಟು ತಿಂಗಳ ಹೊತ್ತಿಗೆ. ಆಟಿಸಂ ಇರಬಹುದಾ ಅಂತ ನೋಡುವಾಗ ಡಾಕ್ಟ್ರು ಹುಡುಕುವುದು ಈ ಎರಡನೆಯದನ್ನೇ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಇಲ್ಲದ ಮಕ್ಕಳಿರುತ್ತಾರೆ. ಒಂದೇ ಸಾಲಿನಲ್ಲಿ ಬರೆದಿದ್ದರೆ ಅಂಥ ಮಗುವಿನ ಅಪ್ಪ 'ತೋರಿಸುತ್ತಾನೆ' ಅಂತ ಗುರುತು ಹಾಕಿ ಮುಂದೆ ಹೋಗುತ್ತಿದ್ದರು. ಹಾಗಾಗಿ ಅದನ್ನು ಎರಡು ವಯಸ್ಸಿನ ಪುಟಗಳಿಗೆ ಹಂಚಿದೆವು. ಮೊದಲನೆಯದು ಮಾತಿನ ಕ್ಷೇತ್ರದಲ್ಲಿ, ಎರಡನೆಯದು ಒಡನಾಟದಲ್ಲಿ.

ಯಾವುದನ್ನು ಯಾವ ಕ್ಷೇತ್ರಕ್ಕೆ ಹಾಕುವುದು ಅನ್ನುವುದು ಹೀಗೇ ಆಗಾಗ ಜಗ್ಗಾಟ. ಟಾಟಾ ಮಾಡುವುದು ಮಾತೋ ಒಡನಾಟವೋ? ಟಿಪ್ಪಣಿಯಲ್ಲಿ ಎರಡು ಕಡೆಯೂ ಇತ್ತು. ಎರಡು ಕಡೆ ಬರೆದರೆ ಒಂದೇ ಕೊರತೆ ಎರಡಾಗಿ ಕಾಣುತ್ತದೆ, ಅಮ್ಮನ ಎದೆ ಎರಡು ಸಲ ಧಸಕ್ಕೆನ್ನುತ್ತದೆ. ಒಂದು ಸಾಮರ್ಥ್ಯ ಒಂದೇ ಕಡೆ ಅನ್ನುವ ನಿಯಮ ಇಟ್ಟುಕೊಂಡೆವು. ವರ್ಗೀಕರಣದ ಶುದ್ಧಿ ಬಗ್ಗೆ ಅಪ್ಪ ಅಮ್ಮಂದಿರಿಗೆ ಏನೂ ಆಗಬೇಕಾಗಿಲ್ಲ.

ಒಂದು ವರ್ಷದ ಪುಟ ಕೊನೆಗೆ ಹೀಗಾಯಿತು:

| ಕ್ಷೇತ್ರ | ಹೆಚ್ಚಿನ ಮಕ್ಕಳು ಈ ಹೊತ್ತಿಗೆ | ಹೀಗಿದ್ದರೆ ಬಂದು ಹೇಳಿ |
|---|---|---|
| ಮೈ ಚಲನೆ | ಹಿಡಿದುಕೊಂಡು ಎದ್ದು ನಿಲ್ಲುತ್ತದೆ, ಗೋಡೆ ಹಿಡಿದು ಹೆಜ್ಜೆ ಇಡುತ್ತದೆ | ನೀವು ಹಿಡಿದು ನಿಲ್ಲಿಸಿದರೂ ಕಾಲು ಊರುವುದಿಲ್ಲ |
| ಕೈ ಬೆರಳು | ಎರಡು ಬೆರಳಿನಿಂದ ಸಣ್ಣ ಚೂರು ಹೆಕ್ಕುತ್ತದೆ | ಯಾವಾಗಲೂ ಒಂದೇ ಕೈ ಬಳಸುತ್ತದೆ, ಇನ್ನೊಂದು ಮುಷ್ಟಿ ಬಿಗಿದೇ ಇರುತ್ತದೆ |
| ಮಾತು | ಅಮ್ಮನನ್ನೋ ಅಪ್ಪನನ್ನೋ ಹೆಸರಿಟ್ಟು ಕರೆಯುತ್ತದೆ, 'ಬೇಡ' ಅಂದರೆ ಒಂದು ಕ್ಷಣ ನಿಲ್ಲುತ್ತದೆ | ಬಾಬಾ, ದಾದಾ ಅನ್ನುವ ತೊದಲು ಮಾತೂ ಇಲ್ಲ |
| ಒಡನಾಟ | ಟಾಟಾ ಮಾಡುತ್ತದೆ, ನಿಮ್ಮ ಜೊತೆ ಆಟ ಆಡುತ್ತದೆ | ಹೆಸರು ಕರೆದರೆ ತಿರುಗುವುದಿಲ್ಲ, ಕೈಸನ್ನೆ ಒಂದೂ ಇಲ್ಲ |
| ತಿಳಿವಳಿಕೆ | ಡಬ್ಬದೊಳಗೆ ಆಟಿಕೆ ಹಾಕುತ್ತದೆ | ಕಣ್ಣೆದುರೇ ಬಟ್ಟೆ ಕೆಳಗೆ ಬಚ್ಚಿಟ್ಟರೂ ಹುಡುಕುವುದಿಲ್ಲ |

ಕೈ ಬೆರಳಿನ ಸಾಲಿನ ಬಲಗಡೆ ನೋಡಿ. ಚಿಕ್ಕಂದಿನಲ್ಲೇ ಎಡಗೈಯೋ ಬಲಗೈಯೋ ಗಟ್ಟಿಯಾಗಿದ್ದರೆ ಮನೆಯವರು ಅದನ್ನು ಜಾಣತನ ಅಂತ ಖುಷಿಪಡುತ್ತಾರೆ. ಒಂದು ವರ್ಷದೊಳಗಿನ ಮಗು ಎರಡೂ ಕೈಯನ್ನು ಹೆಚ್ಚುಕಡಿಮೆ ಸಮನಾಗಿ ಬಳಸಬೇಕು. ಒಂದನ್ನೇ ಬಳಸುತ್ತಿದ್ದರೆ ಇನ್ನೊಂದು ಕೈಗೆ ಶಕ್ತಿ ಕಡಿಮೆ ಇರಬಹುದು ಅನ್ನುವುದು ಡಾಕ್ಟರ ಅನುಮಾನ. ಇದು ನನಗೂ ಹೊಸದು.

ಕರಡನ್ನು ಡಾಕ್ಟ್ರು ಒಬ್ಬ ತಾಯಿಯ ಕೈಗೆ ಕೊಟ್ಟು ಓದಿಸಿದರು, ನಾನು ಪಕ್ಕದಲ್ಲೇ ಇದ್ದೆ. ಆಕೆ ನೇರವಾಗಿ ಒಂಬತ್ತು ತಿಂಗಳ ಪುಟಕ್ಕೆ ಹೋದರು. ಓದುತ್ತಾ ಓದುತ್ತಾ ಮುಖ ಸಣ್ಣದಾಯಿತು. "ಮೇಡಂ, ಆಸರೆ ಇಲ್ದೆ ಕೂರ್ತದೆ ಅಂತ ಬರೆದಿದೀರಿ. ನಮ್ಮೋಳಿಗೆ ಹತ್ತು ತುಂಬಿತು, ಇನ್ನೂ ಮುಂದೆ ಎರಡೂ ಕೈ ಊರಿಕೊಂಡೇ ಕೂರ್ತಾಳೆ."

"ಎಷ್ಟು ವಾರಕ್ಕೆ ಹೆರಿಗೆ ಆಗಿದ್ದಮ್ಮ?"

"ಮೂವತ್ತೆರಡಕ್ಕೆ."

ಡಾಕ್ಟ್ರು ಅದೇ ಕರಡಿನ ಅಂಚಿನಲ್ಲಿ ಲೆಕ್ಕ ಬರೆದರು. ನಲವತ್ತು ವಾರಕ್ಕೆ ಹುಟ್ಟಬೇಕಿತ್ತು, ಮೂವತ್ತೆರಡಕ್ಕೆ ಹುಟ್ಟಿದಳು, ಎಂಟು ವಾರ ಮುಂಚೆ. ಎಂಟು ವಾರ ಅಂದರೆ ಸುಮಾರು ಎರಡು ತಿಂಗಳು. ಹತ್ತರಲ್ಲಿ ಎರಡು ಕಳೆದರೆ ಎಂಟು. ಈ ಮಗುವಿಗೆ ಪಟ್ಟಿ ಓದುವಾಗ ಎಂಟು ತಿಂಗಳು. ನಮ್ಮ ಪಟ್ಟಿಯಲ್ಲಿ ಎಂಟರ ಪುಟ ಇಲ್ಲ, ಆರು ಮತ್ತು ಒಂಬತ್ತು ಇವೆ. ಮಗು ದಾಟಿ ಬಂದ ಪುಟವನ್ನು ನೋಡಬೇಕು, ಇನ್ನೂ ತಲುಪದ ಪುಟವನ್ನಲ್ಲ, ಹಾಗಾಗಿ ಆರರ ಪುಟ. ಅಲ್ಲಿ ಬರೆದದ್ದೇ 'ಕೈ ಊರಿಕೊಂಡು ಕೂರುತ್ತದೆ' ಅಂತ. ಮಗು ಅದನ್ನೇ ಮಾಡುತ್ತಿದೆ.

ಆದರೆ ಡಾಕ್ಟ್ರು ಅಲ್ಲಿಗೆ ಬಿಡಲಿಲ್ಲ. ಮಗುವನ್ನು ಮಲಗಿಸಿ ಕಾಲುಗಳನ್ನು ಅಗಲಿಸಿ ನೋಡಿದರು, ಬಿಗಿತ ಇದೆಯಾ ಅಂತ. ಆಟಿಕೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಿಡಿದು ಎರಡೂ ಕೈ ಚಾಚುತ್ತಾಳಾ ಅಂತ ನೋಡಿದರು. ಹಿಂದಿನಿಂದ ಹೆಸರು ಕರೆದರು, ತಿರುಗಿದಳು. ಆಮೇಲೆ, "ಈಗ ಗಾಬರಿ ಬೇಡ, ಬರೋ ತಿಂಗಳು ಕೂರಿಸಿ ನೋಡೋಣ, ತಪ್ಪದೆ ಕರ್ಕೊಂಡು ಬನ್ನಿ" ಅಂದರು. ಅವಧಿಗೆ ಮುಂಚೆ ಹುಟ್ಟಿದ್ದಕ್ಕೆ ವಾರ ಕಳೆಯುವುದು ಸರಿ, ಆದರೆ ಎಲ್ಲದಕ್ಕೂ ಅದೇ ನೆಪ ಆಗಬಾರದು ಅಂತ ನನಗೆ ಆಮೇಲೆ ಬಿಡಿಸಿ ಹೇಳಿದರು. ಮೈ ಬಿಗಿತ, ಒಂದೇ ಕೈ ಬಳಕೆ, ಸದ್ದಿಗೆ ಬೆಚ್ಚದಿರುವುದು, ಇವಕ್ಕೆ ವಾರ ಕಳೆಯುವ ಲೆಕ್ಕವಿಲ್ಲ.

ಆ ದಿನದಿಂದ ಪಟ್ಟಿಯ ಮೊದಲ ಪುಟವೇ ಬದಲಾಯಿತು. ಮೊದಲು ಅಲ್ಲಿ ಒಂದು ಪೀಠಿಕೆ ಇತ್ತು, ಯಾರೂ ಓದುತ್ತಿರಲಿಲ್ಲ, ಅದನ್ನು ತೆಗೆದೆ. ಅದರ ಜಾಗದಲ್ಲಿ ಒಂದು ಚೌಕ: ಹುಟ್ಟಿದ ದಿನ, ಎಷ್ಟನೇ ವಾರಕ್ಕೆ, 40ರಿಂದ ಕಳೆದರೆ ಎಷ್ಟು ವಾರ ಮುಂಚೆ, ಪಟ್ಟಿ ಓದಲು ಮಗುವಿನ ವಯಸ್ಸು. ಕೆಳಗೆ ಎರಡು ಸೂಚನೆ. ಈ ಲೆಕ್ಕ ಎರಡು ವರ್ಷ ತುಂಬುವವರೆಗೆ ಮಾತ್ರ. ಲಸಿಕೆಗೆ ಈ ಲೆಕ್ಕ ಬೇಡ, ಅದು ಹುಟ್ಟಿದ ದಿನದಿಂದಲೇ. ಎರಡನೆಯದನ್ನು ಡಾಕ್ಟ್ರು ಒತ್ತಿ ಹೇಳಿ ಹಾಕಿಸಿದರು. ವಯಸ್ಸು ಕಳೆಯುವುದು ಕಲಿತವರು ಲಸಿಕೆಯ ತಾರೀಕನ್ನೂ ಮುಂದೆ ಹಾಕಿಬಿಡುತ್ತಾರೆ ಅನ್ನುವುದು ಅವರ ಅನುಭವ.

ಎರಡು ವರ್ಷದ ಪುಟದಲ್ಲಿ ಮಾತಿನ ಸಾಲು ಮತ್ತೆ ಕಾಡಿತು. 'ಎರಡು ಪದ ಸೇರಿಸಿ ಮಾತಾಡುತ್ತದೆ' ಅಂತ ಬರೆದರೆ ಎಲ್ಲರೂ ಹೌದು ಅನ್ನುತ್ತಾರೆ, ಯಾಕೆಂದರೆ ಮಗು 'ಟಾಟಾ ಬೈಬೈ' ಅನ್ನುತ್ತದೆ. ಅದು ಒಟ್ಟಿಗೆ ಕೇಳಿ ಒಟ್ಟಿಗೆ ಕಲಿತದ್ದು, ಮಗು ಸೇರಿಸಿದ್ದಲ್ಲ. 'ಅಮ್ಮ ಬಾ', 'ಇನ್ನೂ ಬೇಕು' ಇವು ಸೇರಿಸಿದ್ದು. ಉದಾಹರಣೆ ಕೊಟ್ಟ ಮೇಲೆ ಉತ್ತರಗಳು ಬದಲಾದವು. ಉಚ್ಚಾರ ಸರಿಯಿಲ್ಲದಿದ್ದರೂ ಒಂದು ವಸ್ತುವಿಗೆ ಯಾವಾಗಲೂ ಅದೇ ಸದ್ದು ಮಾಡಿದರೆ ಅದು ಪದವೇ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡರ ಪದಗಳನ್ನೂ ಕೂಡಿಸಿ ಎಣಿಸಬೇಕು. ಒಂದರಲ್ಲೇ ಎಣಿಸಿ ಮಾತು ಕಡಿಮೆ ಅಂತ ಕೊರಗುವವರು ಬಹಳ.

ಗುರುತು ಹಾಕಲು 'ಹೌದು', 'ಇಲ್ಲ' ಅಂತ ಎರಡು ಇಟ್ಟಿದ್ದನ್ನು 'ಹೌದು', 'ಆಗಾಗ', 'ಇನ್ನೂ ಇಲ್ಲ' ಅಂತ ಮೂರು ಮಾಡಿದೆವು. 'ಆಗಾಗ' ಇಲ್ಲದಿದ್ದರೆ ಒಮ್ಮೆ ಮಾಡಿದ್ದನ್ನೂ 'ಹೌದು' ಅಂತ ಬರೆಯುತ್ತಾರೆ. ಇನ್ನೂ ಇಲ್ಲ ಅಂತ ಎಷ್ಟು ಗುರುತು ಬಿದ್ದರೆ ಎಷ್ಟು ತೊಂದರೆ ಅಂತ ಅಂಕ ಕೊಡುವ ಯೋಚನೆಯನ್ನು ಡಾಕ್ಟ್ರು ಕೂಡಲೇ ತಳ್ಳಿಹಾಕಿದರು. ಇದು ಪರೀಕ್ಷೆಯಲ್ಲ, ಮಾತುಕತೆ ಶುರು ಮಾಡಲು ಒಂದು ಹಾಳೆ. ಪರೀಕ್ಷೆಗೆ ಬೇರೆ ಪ್ರಶ್ನಾವಳಿಗಳಿವೆ, ಅವನ್ನು ಅವರೇ ಮಾಡುತ್ತಾರೆ.

ಒಂದು ಸಾಲಿಗೆ ಮಾತ್ರ ಪಟ್ಟಿಯಲ್ಲಿ ಜಾಗವೇ ಸಿಗಲಿಲ್ಲ. ಆಡುತ್ತಿದ್ದ ಮಾತು ನಿಂತುಹೋದರೆ, ನಡೆಯುತ್ತಿದ್ದ ಮಗು ನಡೆಯುವುದು ಬಿಟ್ಟರೆ, ಟಾಟಾ ಮಾಡುತ್ತಿದ್ದದ್ದು ಮರೆತರೆ. ಇದಕ್ಕೆ ವಯಸ್ಸಿನ ಪುಟವಿಲ್ಲ, ಕ್ಷೇತ್ರವೂ ಇಲ್ಲ. ಡಾಕ್ಟರ ಟಿಪ್ಪಣಿಯಲ್ಲಿ ಅದು ಕೊನೆಯ ಹಾಳೆಯ ಮೂಲೆಯಲ್ಲಿತ್ತು, ಸುತ್ತ ಎರಡು ಸಲ ಗೆರೆ ಎಳೆದಿದ್ದರು. ಎಲ್ಲ ಪುಟದ ಅಡಿಯಲ್ಲೂ ಅಡ್ಡಲಾಗಿ, ಉಳಿದ ಅಕ್ಷರಕ್ಕಿಂತ ದಪ್ಪಗೆ ಹಾಕಿದೆ: 'ಕಲಿತದ್ದನ್ನು ಮಗು ಮರೆಯುತ್ತಿದ್ದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.'